ಮೆಚ್ಚುಗೆ ಗ್ರೂಪಿನಲ್ಲೋ, ಒಬ್ಬರಿಗೇ ಬರೆದೋ?

ಸಹೋದ್ಯೋಗಿಗೆ ಹೇಳುವ ಧನ್ಯವಾದವನ್ನು ಕಚೇರಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಅದನ್ನು ಓದುವವರು ಅವರೊಬ್ಬರೇ ಅಲ್ಲ. ಅದೇ ಕೆಲಸದಲ್ಲಿ ಕೈಜೋಡಿಸಿದವರು, ಅದರಲ್ಲಿ ಎಡವಿದವರು, ಮೇಲಿನವರು ಎಲ್ಲರೂ ಓದುತ್ತಾರೆ. ಆದ್ದರಿಂದ ಮೊದಲು ನೋಡಬೇಕಾದ್ದು ಮೆಚ್ಚುಗೆಯ ಹಿಂದಿನ ಕಥೆಯನ್ನು: ಬೇರೊಬ್ಬರ ತಪ್ಪನ್ನು ಎತ್ತದೆ ಅದನ್ನು ಹೇಳಲು ಬರುತ್ತದೆಯೇ?

ಲೆಕ್ಕಪತ್ರ ವಿಭಾಗವೊಂದರ ಉದಾಹರಣೆ ನೋಡಬಹುದು. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಕೊಡುವ ಸಂಸ್ಥೆಗಳು GSTR-3B ಸಲ್ಲಿಸಲು ಸಾಮಾನ್ಯವಾಗಿ ಮರುತಿಂಗಳ 20ನೇ ತಾರೀಖು ಕೊನೆಯ ದಿನ. 19ರ ಸಂಜೆ ಖರೀದಿ ಪುಸ್ತಕವನ್ನು GSTR-2B ಜೊತೆ ತಾಳೆ ನೋಡುತ್ತಿದ್ದ ಕಿರಿಯ ಸಹಾಯಕಿಗೆ 18,000 ರೂಪಾಯಿ ವ್ಯತ್ಯಾಸ ಕಾಣುತ್ತದೆ. ಒಂದು ಲಕ್ಷದ ಬಿಲ್ಲೊಂದನ್ನು ಪಕ್ಕದ ಮೇಜಿನವರು ಎರಡು ಸಲ ಬರೆದಿದ್ದಾರೆ. ಆಕೆ ಸರಿಪಡಿಸುತ್ತಾಳೆ. ಇಲ್ಲವಾದರೆ ಇಲ್ಲದ ತೆರಿಗೆ ಜಮೆಯನ್ನು ಕೇಳಿದಂತಾಗಿ, ಅದನ್ನು ಬಳಸಿಕೊಂಡಿದ್ದರೆ ಬಡ್ಡಿ ಸಮೇತ ಕಟ್ಟಬೇಕಾಗುತ್ತಿತ್ತು.

'ಎರಡು ಸಲ ಬರೆದಿದ್ದ ಬಿಲ್ಲನ್ನು ಹಿಡಿದದ್ದಕ್ಕೆ ಥ್ಯಾಂಕ್ಸ್' ಎಂದು ಮುಖ್ಯಸ್ಥರು ಗ್ರೂಪಿನಲ್ಲಿ ಹಾಕಿದರೆ, ಬರೆದವರು ಯಾರೆಂದು ಆರು ಜನರ ತಂಡದಲ್ಲಿ ಯಾರಿಗೂ ಕೇಳಬೇಕಾಗಿಲ್ಲ. ಹೊಗಳಿಕೆ ಒಬ್ಬರಿಗೆ, ಪೆಟ್ಟು ಇನ್ನೊಬ್ಬರಿಗೆ. ಮರುದಿನದಿಂದ ಅವರಿಬ್ಬರೂ ಅಕ್ಕಪಕ್ಕದಲ್ಲೇ ಕೂರಬೇಕು; ಹೊಗಳಿಸಿಕೊಂಡವಳಿಗೇ ಹೆಚ್ಚು ಮುಜುಗರ. ಇನ್ನೊಂದು ಸಲ ತಪ್ಪು ಕಂಡರೆ ಆಕೆ ಸುಮ್ಮನಿದ್ದುಬಿಡಲೂಬಹುದು. ಇಂಥ ಕೆಲಸಕ್ಕೆ ಒಬ್ಬರಿಗೇ ಬರೆಯುವ ನಾಲ್ಕು ಸಾಲು ಸರಿ. ಅದರಲ್ಲಿ ಏನು ನೋಡಿದಳು, ಅದರಿಂದ ಏನು ತಪ್ಪಿತು ಎಂಬುದನ್ನು ಬಿಡಿಸಿ ಹೇಳಬಹುದು. 'ಸೂಪರ್ ವರ್ಕ್' ಎಂಬ ಎರಡು ಪದಕ್ಕೆ ಆ ತೂಕವಿಲ್ಲ.

ಗ್ರೂಪಿನ ಮೆಚ್ಚುಗೆಗೂ ತನ್ನ ಜಾಗವಿದೆ. ಎಲ್ಲರ ಕಣ್ಣೆದುರೇ ನಡೆದ ಕೆಲಸ, ಯಾರೂ ಗಮನಿಸದ ನಿತ್ಯದ ದುಡಿಮೆ, ಉಳಿದವರೂ ಕಲಿಯಬೇಕಾದ ವಿಧಾನ ಇವಕ್ಕೆ ಅದೇ ತಕ್ಕದ್ದು. ಸಹಾಯಕಿ ತಾಳೆ ನೋಡಲು ಹೊಸ ಹಾಳೆಯೊಂದನ್ನು ಸಿದ್ಧಪಡಿಸಿದ್ದರೆ, ತಪ್ಪಿನ ಮಾತೆತ್ತದೆ ಆ ಹಾಳೆಯನ್ನೇ ಗ್ರೂಪಿಗೆ ಹಾಕಿ ಆಕೆಯ ಹೆಸರು ಹೇಳಬಹುದು. ಆದರೆ ಹಾಕುವ ಮುನ್ನ ಆಕೆಯನ್ನು ಕೇಳುವುದು ಒಳ್ಳೆಯದು. ಹತ್ತು ಜನರ ಮುಂದೆ ಹೆಸರು ಬಂದರೆ ಹಿಗ್ಗುವವರಿರುವಂತೆ ಕುಗ್ಗುವವರೂ ಇರುತ್ತಾರೆ. ಜೊತೆಗೆ ದುಡಿದ ಮತ್ತೊಬ್ಬರ ಹೆಸರು ಬಿಟ್ಟುಹೋದರೆ ಅದು ಗೊತ್ತಾಗುವುದು ಗ್ರೂಪಿನ ಮೌನದಿಂದ: ಚಪ್ಪಾಳೆಯ ಇಮೋಜಿಗಳ ಸಾಲಿನಲ್ಲಿ ಅವರದೊಂದು ಇರುವುದಿಲ್ಲ.

ಖಾಸಗಿ ಸಂದೇಶಕ್ಕೆ ಒಂದು ಕೊರತೆಯಿದೆ. ಸಂಬಳ ಏರಿಕೆಯನ್ನು ತೀರ್ಮಾನಿಸುವವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಬರೆಯುವುದನ್ನು ಇಮೇಲ್‌ನಲ್ಲಿ ಬರೆದು, ತಪ್ಪು ಮಾಡಿದವರ ಹೆಸರಿಲ್ಲದೆ, ಮೇಲಧಿಕಾರಿಗೂ ಒಂದು ಪ್ರತಿ ಕಳಿಸುವುದು ಮೇಲು. ವರ್ಷದ ಕೊನೆಗೆ ಗ್ರೂಪಿನ ಸಂದೇಶ ಸಾವಿರಾರು 'ಗುಡ್ ಮಾರ್ನಿಂಗ್'ಗಳ ಅಡಿಯಲ್ಲಿರುತ್ತದೆ. ಇಮೇಲ್ ಹುಡುಕಿದರೆ ಸಿಗುತ್ತದೆ.