ಹಾಲ್‌ಗೆ ಒಂದೇ ದೀಪ ಸಾಲದು

10 ಅಡಿ ಅಗಲ, 14 ಅಡಿ ಉದ್ದದ ಹಾಲ್. ಚಾವಣಿಯ ನಡುವೆ ಫ್ಯಾನು, ಅದರ ಪಕ್ಕದಲ್ಲೇ 20 ವ್ಯಾಟ್‌ನ ಬಿಳಿ ಎಲ್‌ಇಡಿ ಪ್ಯಾನಲ್. ಬೆಂಗಳೂರಿನ ಬಾಡಿಗೆ ಫ್ಲಾಟ್‌ಗಳಲ್ಲಿ ಇದು ಮಾಮೂಲಿ ನೋಟ. ಸ್ವಿಚ್ ಹಾಕಿದರೆ ಕೋಣೆಯೆಲ್ಲ ಬೆಳ್ಳಗಾಗುತ್ತದೆ. ಆದರೂ ಗೋಡೆಗೆ ಒರಗಿಸಿದ ಸೋಫಾದಲ್ಲಿ ಕೂತು ಪುಸ್ತಕ ತೆರೆದವರಿಗೆ ಅಕ್ಷರ ಮಬ್ಬು ಮಬ್ಬು. ಬೆಳಕು ಎದುರಿನಿಂದ ಬರುವುದರಿಂದ ಅದು ಹೆಚ್ಚಾಗಿ ಬೀಳುವುದು ಪುಸ್ತಕದ ಬೆನ್ನಿನ ಮೇಲೆ, ಪುಟದ ಮೇಲಲ್ಲ.

ಇದಕ್ಕೆ ಇನ್ನೂ ದೊಡ್ಡ ಪ್ಯಾನಲ್ ಹಾಕಿಸಿದರೆ ಕಣ್ಣು ಕುಕ್ಕುವುದು ಹೆಚ್ಚಾಗುತ್ತದೆ, ಅಷ್ಟೆ. ಅಮೆರಿಕದ ಬೆಳಕು ವಿನ್ಯಾಸಕಾರ ರಿಚರ್ಡ್ ಕೆಲ್ಲಿ 1950ರ ದಶಕದಲ್ಲೇ ಬೆಳಕನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಇಂದು ಮನೆಗಳಿಗೆ ಹೇಳುವ ಮೂರು ಪದರಗಳೂ ಹೆಚ್ಚುಕಡಿಮೆ ಅದೇ ದಾರಿಯವು: ಕೋಣೆಗೆಲ್ಲ ಹರಡುವ ಬೆಳಕು, ಕೆಲಸಕ್ಕೆ ಬೇಕಾದ ಬೆಳಕು, ಒಂದು ವಸ್ತುವನ್ನು ಎತ್ತಿ ತೋರಿಸುವ ಬೆಳಕು.

ಮೊದಲು ಕೆಲಸದ ಬೆಳಕು. ಸೋಫಾದ ಪಕ್ಕ, ಭುಜದ ತುಸು ಹಿಂದೆ ಒಂದು ಫ್ಲೋರ್ ಲ್ಯಾಂಪ್ ನಿಲ್ಲಿಸಬೇಕು. ಕೂತಾಗ ಶೇಡಿನ ಕೆಳ ಅಂಚು ಕಣ್ಣಿನ ಮಟ್ಟಕ್ಕೆ ಬಂದರೆ ಬಲ್ಬ್ ಕಣ್ಣಿಗೆ ಹೊಡೆಯುವುದಿಲ್ಲ. ದೀಪ ಹತ್ತಿರವಿರುವುದರಿಂದ 7 ವ್ಯಾಟ್‌ನ ಬಲ್ಬ್ ಧಾರಾಳ ಸಾಕು: ಬಲ್ಬಿನ ದೂರ ಅರ್ಧಕ್ಕಿಳಿದರೆ ಪುಟಕ್ಕೆ ಸಿಗುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ.

ಕೋಣೆಗೆ ಹರಡುವ ಬೆಳಕಿಗೆ, ಮೂಲೆಯಲ್ಲಿ ಮೇಲ್ಮುಖವಾಗಿ ಉರಿಯುವ ದೀಪವಿಟ್ಟು ಬೆಳಕನ್ನು ಚಾವಣಿಗೆ ಹಾಯಿಸಬಹುದು. ಬಿಳಿ ಚಾವಣಿ ಅದನ್ನು ಮೆದುವಾಗಿ ಕೆಳಕ್ಕೆ ಹರಡುತ್ತದೆ. ಗಾಢ ಬಣ್ಣದ್ದಾದರೆ ನುಂಗಿಬಿಡುತ್ತದೆ. ಫ್ಯಾನಿನ ಕೆಳಗೆ ಮಾತ್ರ ಈ ದೀಪ ಇಡಬಾರದು. ರೆಕ್ಕೆಗಳ ನೆರಳು ಚಾವಣಿಯಲ್ಲಿ ಸುತ್ತುತ್ತ ಸ್ವಲ್ಪ ಹೊತ್ತಿಗೇ ತಲೆ ಚಿಟ್ಟು ಹಿಡಿಸುತ್ತದೆ.

ಮೂರನೆಯದರ ಸೂಕ್ಷ್ಮ ತಿಳಿಯಲು ಗಾಜು ಹಾಕಿಸಿದ ಮೈಸೂರು ಶೈಲಿಯ ಚಿತ್ರವೊಂದನ್ನು ನೋಡಬೇಕು. ಅದರ ಚಿನ್ನದ ರೇಕು ಮಿನುಗಲು ಮೇಲಿನಿಂದ ಓರೆಯಾಗಿ ಬೆಳಕು ಬೀಳಬೇಕು. ನೇರ ಕೆಳಕ್ಕಿಳಿಯುವ ಗೆರೆಯಿಂದ ಸುಮಾರು 30 ಡಿಗ್ರಿ ವಾಲಿಸಿದ ಪುಟ್ಟ ಸ್ಪಾಟ್‌ಲೈಟ್ ಇದಕ್ಕೆ ಹೊಂದುತ್ತದೆ. ಸೋಫಾದಲ್ಲಿ ಕೂತಾಗ ಗಾಜಿನಲ್ಲಿ ಬಲ್ಬೇ ಕಂಡರೆ ದೀಪ ಗೋಡೆಯಿಂದ ದೂರವಾಯಿತು ಎಂದರ್ಥ. ಚೌಕಟ್ಟಿನ ನೆರಳು ಚಿತ್ರದ ಮೇಲೆ ಬಿದ್ದರೆ ತೀರಾ ಹತ್ತಿರವಾಯಿತು. ಸುತ್ತಲಿನ ಗೋಡೆಗಿಂತ ಚಿತ್ರ ಮೂರು ಪಟ್ಟು ಬೆಳಗಿದರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆ.

ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕು, ಬಲ್ಬಿನ ಬಣ್ಣ ಮಾತ್ರ ಒಂದೇ ಇರಬೇಕು. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಅದು ಹೊಂಬಣ್ಣದ ಬೆಳಕು. 6500 ಎಂದಿದ್ದರೆ ನೀಲಿ ಛಾಯೆಯ ಬಿಳಿ. ಎರಡನ್ನೂ ಬೆರೆಸಿದರೆ ಒಂದೇ ಗೋಡೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿಯಾಗಿ ಕಾಣುತ್ತದೆ. ಹಳೆಯ ಪ್ಯಾನಲನ್ನು ಕೀಳಬೇಕಿಲ್ಲ. ಕಸ ಗುಡಿಸುವಾಗ, ಕಳೆದುಹೋದ ವಸ್ತು ಹುಡುಕುವಾಗ ಅದು ಬೇಕೇ ಬೇಕು. ಸದ್ಯ ಒಂದೇ ದೀಪಕ್ಕೆ ದುಡ್ಡಿದ್ದರೆ, ಮೊದಲು ಕೊಳ್ಳಬೇಕಾದ್ದು ಸೋಫಾದ ಪಕ್ಕದ ಫ್ಲೋರ್ ಲ್ಯಾಂಪು. ಅಲ್ಲಿಗೆ ಪ್ಲಗ್ ಪಾಯಿಂಟ್ ಎಟಕುತ್ತದೆಯೇ, ವೈರು ಓಡಾಡುವವರ ಕಾಲಿಗೆ ತೊಡರುತ್ತದೆಯೇ ಎಂಬುದನ್ನು ಅಂಗಡಿಗೆ ಹೋಗುವ ಮುಂಚೆಯೇ ನೋಡಿಕೊಳ್ಳಬೇಕು.