ಆನೆಯ ಕರೆ ಎಷ್ಟು ದೂರ ಕೇಳುತ್ತದೆ?

ಆನೆಗಳು ಹತ್ತು ಕಿಲೋಮೀಟರ್ ದೂರದಿಂದಲೂ ಒಂದನ್ನೊಂದು ಮಾತಾಡಿಸುತ್ತವೆ ಎಂದು ನೀವು ಎಲ್ಲಾದರೂ ಓದಿಯೋ ಕೇಳಿಯೋ ಇರುತ್ತೀರಿ. ಮಾತು ಸುಳ್ಳಲ್ಲ. ಆದರೆ ಆ ಹತ್ತು ಕಿಲೋಮೀಟರ್ ಎಲ್ಲ ಹೊತ್ತಿಗೂ ಎಲ್ಲ ಕಾಡಿಗೂ ಒಪ್ಪುವ ಲೆಕ್ಕವಲ್ಲ. ಆ ಅಂಕಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಆನೆಯ ಗಂಟಲಿನಷ್ಟೇ ಸಂಜೆಯ ಗಾಳಿಯ ವಿಷಯವೂ ತಿಳಿಯುತ್ತದೆ.

ಆನೆಯ ಸದ್ದು ಎಂದರೆ ನಮಗೆ ಥಟ್ಟನೆ ನೆನಪಾಗುವುದು ಘೀಳು. ಅದು ಗಾಬರಿಯದೋ ಸಿಟ್ಟಿನದೋ ಕೂಗು. ದಿನನಿತ್ಯ ಆನೆಗಳು ಹೆಚ್ಚಾಗಿ ಹೊರಡಿಸುವುದು ಗಂಟಲಿನಾಳದಿಂದ ಬರುವ ಗುಡುಗುಡು ಸದ್ದನ್ನು. ಅದರ ತಳದ ಸ್ವರ ಎಷ್ಟು ತಗ್ಗಿನದೆಂದರೆ ಮನುಷ್ಯರ ಕಿವಿಗೆ ನಿಲುಕುವುದೇ ಇಲ್ಲ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ, ಎಂದರೆ 20 ಹರ್ಟ್ಜ್‌ಗಿಂತ ಕೆಳಗಿನದನ್ನು ಸದ್ದೆಂದು ಗುರುತಿಸದು. ಅದಕ್ಕಿಂತ ಕೆಳಗಿನ ಸದ್ದನ್ನು ಇನ್ಫ್ರಾಸೌಂಡ್ ಎನ್ನುತ್ತಾರೆ.

ದಕ್ಷಿಣ ಭಾರತದ ಕಾಡುಗಳನ್ನು ಕಾಲ್ನಡಿಗೆಯಲ್ಲೇ ಬಲ್ಲವರಾಗಿದ್ದ ನಿಸರ್ಗತಜ್ಞ ಎಂ. ಕೃಷ್ಣನ್ ಇಂಥದ್ದೊಂದು ಸದ್ದನ್ನು ಮೊದಲೇ ಗಮನಿಸಿದ್ದರು. ಅದನ್ನು ಯಂತ್ರದಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಕೇಟಿ ಪೇನ್. ಅವರು ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡಿದ್ದವರು. 1984ರಲ್ಲಿ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯೇ ಮಿಡಿಯುತ್ತಿರುವಂತೆ ಅವರ ಮೈಗೆ ಅನ್ನಿಸಿತು, ಕಿವಿಗೆ ಮಾತ್ರ ಏನೂ ಬೀಳಲಿಲ್ಲ. ಎಳವೆಯಲ್ಲಿ ಚರ್ಚಿನ ಆರ್ಗನ್ ವಾದ್ಯದ ಅತಿ ತಗ್ಗಿನ ಸ್ವರಕ್ಕೆ ಹೀಗೇ ಮೈ ನಡುಗಿದ್ದು ಅವರಿಗೆ ನೆನಪಾಯಿತು. ಜೊತೆಗಾರರೊಂದಿಗೆ ಮತ್ತೆ ಅಲ್ಲಿಗೆ ಹೋಗಿ ಧ್ವನಿ ಮುದ್ರಿಸಿಕೊಂಡರು. ಟೇಪನ್ನು ವೇಗವಾಗಿ ಓಡಿಸಿದಾಗ ಸ್ವರ ಮೇಲೇರಿ, ಅಡಗಿದ್ದ ಕರೆಗಳು ಕೇಳಿಸಿದವು. ಅವು 14ರಿಂದ 24 ಹರ್ಟ್ಜ್‌ನವು. ಕರೆ ಹೊರಡುವ ಹೊತ್ತಿಗೆ ಆನೆಯ ಹಣೆಯ ಮೇಲೆ ಚರ್ಮ ಅದುರುತ್ತಿತ್ತು. ಹತ್ತಿರದಿಂದ ನೋಡುವವರಿಗೆ ಸಿಗುವ ಒಂದು ಗುರುತು ಅದು.

ಈ ಸದ್ದಿಗೆ ವಿಶೇಷ ಅಂಗವೇನೂ ಬೇಕಿಲ್ಲ. ಬೆಕ್ಕು ಗುರುಗುಟ್ಟುವಾಗ ಸ್ನಾಯುಗಳು ಮತ್ತೆ ಮತ್ತೆ ಬಿಗಿದು ಸಡಿಲಾಗುತ್ತವೆ, ಆನೆಯೂ ಹಾಗೆಯೇ ಮಾಡುತ್ತಿರಬಹುದೆಂಬ ಊಹೆಯಿತ್ತು. ಬರ್ಲಿನ್ ಮೃಗಾಲಯದಲ್ಲಿ ಸಹಜವಾಗಿ ಸತ್ತ ಆನೆಯೊಂದರ ಧ್ವನಿಪೆಟ್ಟಿಗೆಯನ್ನು ವಿಯೆನ್ನಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿಟ್ಟು, ಅದರೊಳಗೆ ಬೆಚ್ಚನೆಯ ಗಾಳಿ ಊದಿದರು. ನರವಿಲ್ಲ, ಮಿದುಳಿಲ್ಲ, ಆದರೂ ಅದೇ ತಗ್ಗಿನ ಸದ್ದು ಬಂತು. ಆನೆಯ ಧ್ವನಿತಂತುಗಳು ಗಾಳಿಗೆ ಅದುರುವುದು ನಮ್ಮವು ಅದುರುವ ರೀತಿಯಲ್ಲೇ. ಅವು ಹೆಚ್ಚುಕಡಿಮೆ ಹತ್ತು ಸೆಂಟಿಮೀಟರ್ ಉದ್ದ ಇರುವುದರಿಂದ ನಿಧಾನವಾಗಿ ಅದುರುತ್ತವೆ ಅಷ್ಟೆ. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಸದ್ದು ಇದೆ ಎಂದು ಗೊತ್ತಾದ ಮಾತ್ರಕ್ಕೆ ದೂರದ ಆನೆಗೆ ಅದು ಕೇಳುತ್ತದೆ ಎಂದಾಗಲಿಲ್ಲ. ಅದನ್ನು ಪರೀಕ್ಷಿಸಿದ್ದು ನಮೀಬಿಯಾದ ಎಟೋಷಾ ರಾಷ್ಟ್ರೀಯ ಉದ್ಯಾನದಲ್ಲಿ. ವಿಲಿಯಂ ಲ್ಯಾಂಗ್‌ಬಾವರ್, ಪೇನ್ ಮತ್ತು ಸಂಗಡಿಗರು ನೀರಿನ ಹೊಂಡದ ಬಳಿ ಅಟ್ಟಣಿಗೆಯ ಮೇಲೆ ಕುಳಿತು, ನೀರಿಗೆ ಬಂದ ಆನೆಗಳನ್ನು ವಿಡಿಯೊದಲ್ಲಿ ಹಿಡಿಯುತ್ತಿದ್ದರು. ದೂರದಲ್ಲಿ ನಿಲ್ಲಿಸಿದ ವಾಹನದಿಂದ, ಮೊದಲೇ ಮುದ್ರಿಸಿಕೊಂಡ ಆನೆಗಳ ಕರೆಯನ್ನು ದೊಡ್ಡ ಸ್ಪೀಕರಿನಲ್ಲಿ ಬಿಡುತ್ತಿದ್ದರು. ವಾಹನ ಒಮ್ಮೆ 1.2 ಕಿಲೋಮೀಟರ್ ದೂರದಲ್ಲಿ, ಇನ್ನೊಮ್ಮೆ 2 ಕಿಲೋಮೀಟರ್ ದೂರದಲ್ಲಿ. ಕರೆ ಬಂದೊಡನೆ ನೀರು ಕುಡಿಯುತ್ತಿದ್ದ ಆನೆಗಳು ತಲೆಯೆತ್ತಿ, ಕಿವಿ ಅಗಲಿಸಿ, ಇದ್ದಲ್ಲೇ ಸ್ತಬ್ಧವಾಗುತ್ತಿದ್ದವು. ಬೆದೆಗೆ ಬಂದ ಹೆಣ್ಣಿನ ಕರೆ ಕೇಳಿದರೆ ಗಂಡಾನೆಗಳು ಆ ದಿಕ್ಕಿಗೆ ಹೆಜ್ಜೆ ಹಾಕಿಬಿಡುತ್ತಿದ್ದವು. ಬೆದೆಯ ಹೆಣ್ಣಾನೆ ಸಿಗುವುದೇ ಅಪರೂಪ, ಸಿಕ್ಕರೂ ಕೆಲವೇ ದಿನ. ಗಂಡು ಬೇರೆಯಾಗಿ ಅಲೆಯುವ ಪ್ರಾಣಿಗೆ ಇಂಥ ಕರೆ ಎಷ್ಟು ಮುಖ್ಯ ಎಂಬುದು ಇದರಿಂದ ಕಣ್ಣಿಗೆ ಕಟ್ಟುತ್ತದೆ.

ಅವರ ಸ್ಪೀಕರಿಗೆ ಆನೆಯ ಪೂರ್ಣ ಗಂಟಲಿನಷ್ಟು ಶಕ್ತಿ ಇರಲಿಲ್ಲ, ಅದರ ಅರ್ಧದಷ್ಟು ಒತ್ತಡದ ಸದ್ದನ್ನಷ್ಟೇ ಹೊರಡಿಸಲು ಸಾಧ್ಯವಾಗಿತ್ತು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ಒತ್ತಡ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಎರಡು ಕಿಲೋಮೀಟರಿಗೆ ಸ್ಪೀಕರ್ ಕೇಳಿಸಿದ್ದರೆ ನಿಜವಾದ ಆನೆಯ ಗಟ್ಟಿ ಕರೆ ನಾಲ್ಕು ಕಿಲೋಮೀಟರಿಗೆ ಕೇಳಿಸಲೇಬೇಕು. ಪ್ರಯೋಗದಿಂದ ನೇರವಾಗಿ ಸಿಕ್ಕ ಲೆಕ್ಕ ಇದು.

ಹತ್ತಕ್ಕೆ ಏರಿಸಿದ್ದು ಹವಾಮಾನ ವಿಜ್ಞಾನಿಗಳು. ಡೇವಿಡ್ ಲಾರಂ, ಮೈಕೆಲ್ ಗಾರ್‌ಸ್ಟ್ಯಾಂಗ್ ಮತ್ತವರ ತಂಡ ಎಟೋಷಾದ ಗಾಳಿ ಮತ್ತು ಉಷ್ಣತೆಯ ಅಳತೆಗಳನ್ನಿಟ್ಟುಕೊಂಡು ಸದ್ದು ಎತ್ತ ಬಾಗುತ್ತದೆ ಎಂದು ಲೆಕ್ಕ ಹಾಕಿತು. ಮಧ್ಯಾಹ್ನ ನೆಲ ಕಾದಿರುತ್ತದೆ, ನೆಲದ ಬಳಿಯ ಗಾಳಿ ಬಿಸಿ, ಮೇಲೆ ತಂಪು. ಬಿಸಿ ಗಾಳಿಯಲ್ಲಿ ಸದ್ದು ವೇಗವಾಗಿ ಸಾಗುವುದರಿಂದ ಅಲೆ ತಂಪಿನ ಕಡೆಗೆ, ಎಂದರೆ ಆಕಾಶದ ಕಡೆಗೆ ಬಾಗಿ ಕೈಬಿಟ್ಟುಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಬಯಲಿನ ನೆಲ ಬೇಗ ತಣ್ಣಗಾಗುತ್ತದೆ, ತಂಪು ಗಾಳಿ ಕೆಳಗುಳಿದು ಬೆಚ್ಚಗಿನದು ಮೇಲಾಗುತ್ತದೆ. ಆಗ ಮೇಲೆ ಹೊರಟ ಸದ್ದೂ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಸೂರ್ಯಾಸ್ತವಾಗಿ ಒಂದೆರಡು ತಾಸಿನಲ್ಲಿ ಗಾಳಿಯ ಬೀಸೂ ತಗ್ಗಿದಾಗ ಕರೆ ಹತ್ತು ಕಿಲೋಮೀಟರ್‌ವರೆಗೆ ಹೋಗಬಲ್ಲದು. ಒಂದು ಕರೆ ಮುಟ್ಟುವ ಪ್ರದೇಶ ಹಗಲಿನ 30 ಚದರ ಕಿಲೋಮೀಟರಿನಿಂದ ಆ ಹೊತ್ತಿಗೆ 300ಕ್ಕೆ ಹಿಗ್ಗುತ್ತದೆ. ನಾವು ಎಲ್ಲೆಡೆ ಕೇಳುವ ಹತ್ತು ಕಿಲೋಮೀಟರ್ ಈ ಸಂಜೆಯದು.

ಇಷ್ಟಾದರೂ ಸದ್ದು ಕಿವಿಗೆ ಬೀಳುವುದು ಬೇರೆ, ಕೂಗಿದ್ದು ಯಾರೆಂದು ತಿಳಿಯುವುದು ಬೇರೆ. ಕೆನ್ಯಾದ ಅಂಬೋಸೆಲಿಯಲ್ಲಿ ಕ್ಯಾರೆನ್ ಮೆಕ್‌ಕೋಂಬ್ ತಂಡ ಪರಿಚಿತ ಮತ್ತು ಅಪರಿಚಿತ ಹೆಣ್ಣಾನೆಗಳ ಕರೆಗಳನ್ನು ಬೇರೆ ಬೇರೆ ದೂರದಿಂದ ಕೇಳಿಸಿತು. ಗುರುತಿಸಿದ ಗುಂಪುಗಳ ನಡವಳಿಕೆ ಬೇರೆಯೇ ಇರುತ್ತದೆ, ಅಪರಿಚಿತರ ದನಿಗೆ ಆನೆಗಳು ಮರಿಗಳನ್ನು ನಡುವೆ ಇಟ್ಟುಕೊಂಡು ಒತ್ತೊತ್ತಾಗಿ ನಿಲ್ಲುತ್ತವೆ. ಅತಿ ಹೆಚ್ಚೆಂದರೆ 2.5 ಕಿಲೋಮೀಟರ್‌ವರೆಗೆ ಗುರುತು ಹತ್ತಿತು, ಬಹುತೇಕ ಸಲ ಒಂದು, ಒಂದೂವರೆ ಕಿಲೋಮೀಟರಿಗೇ ನಿಂತಿತು. ಇನ್ನೊಂದು ಸಂಗತಿ ನನಗೆ ಬಹಳ ಅಚ್ಚರಿ ತಂದದ್ದು: ದೂರದಲ್ಲೂ ಉಳಿದು ಗುರುತು ಕೊಟ್ಟದ್ದು ಇನ್ಫ್ರಾಸೌಂಡ್ ಅಲ್ಲ. ಅದೇ ಕರೆಯ ಮೇಲಿನ ಪದರದಲ್ಲಿರುವ ಸುಮಾರು 115 ಹರ್ಟ್ಜ್‌ನ ಸ್ವರ, ನಮ್ಮ ಕಿವಿಗೂ ಕೇಳುವಂಥದ್ದು. ಅತಿ ತಗ್ಗಿನ ಸ್ವರ ಗಾಳಿಯ ಬೀಸಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ನಮ್ಮ ಕಾಡಿನ ವಿಷಯಕ್ಕೆ ಬರೋಣ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯದಿರಲಿ ಎಂಬುದು ಅದರ ಉದ್ದೇಶ, ಆ ಕೆಲಸಕ್ಕೆ ಅದು ಬೇಕೇ ಬೇಕು. ಎಟೋಷಾದ ಲೆಕ್ಕ ತೋರಿಸುವ ಒಳ್ಳೆಯ ಹೊತ್ತು ಮಾತ್ರ ಇಲ್ಲಿಗೆ ಏಳರಿಂದ ಒಂಬತ್ತರ ನಡುವೆ ಬೀಳುತ್ತದೆ. ಗೇಟು ಮುಚ್ಚುವ ಮೊದಲು ಕಾಡು ದಾಟಬೇಕೆಂದು ಲಾರಿಗಳು ಓಡುವ ಹೊತ್ತೂ ಅದೇ, ಲಾರಿ ಎಂಜಿನ್ನಿನ ಸದ್ದಿನ ಬಹುಪಾಲು ಇರುವುದೂ ತಗ್ಗಿನ ಸ್ವರಗಳಲ್ಲೇ. ಆದರೆ ಎಟೋಷಾ ಬಯಲು, ಬಂಡೀಪುರ ಮರಗಾಡು. ಅಲ್ಲಿನ ಅಂಕಿಯನ್ನು ಹಾಗೆಯೇ ತಂದು ಇಲ್ಲಿ ಕೂರಿಸಲಾಗದು. ಮೊಬೈಲ್ ಫೋನಿನ ಮೈಕಿಗೆ ಈ ಸ್ವರ ಸಿಗದು, ಕೆಲವೇ ಹರ್ಟ್ಜ್‌ವರೆಗೂ ಹಿಡಿಯುವ ಮೈಕು, ಅದಕ್ಕೊಂದು ಗಾಳಿಮರೆ, ರಸ್ತೆಯಿಂದ ಬೇರೆ ಬೇರೆ ದೂರದಲ್ಲಿ ಒಂದಿಡೀ ವರ್ಷದ ಮುದ್ರಣ ಬೇಕು. ಹೆದ್ದಾರಿಯ ನಿಷೇಧವನ್ನು ಸಡಿಲಿಸಬೇಕೋ ಬಿಗಿಗೊಳಿಸಬೇಕೋ ಎಂದು ಮುಂದೆ ತೀರ್ಮಾನಿಸುವವರು ಮೊದಲು ಈ ಅಳತೆಯನ್ನು ಮಾಡಿಸಲಿ.