ಮುಟ್ಟದೆಯೂ ಸಿಡಿಯುವ ಗಾಜು

ನಡುರಾತ್ರಿ ಊಟದ ಮೇಜಿನ ಗಾಜು ತಾನಾಗಿಯೇ ಸಿಡಿದು ಕೋಣೆ ತುಂಬ ಹರಳು ಚೆಲ್ಲಿದರೆ ಮನೆಯವರಿಗೆ ಮೊದಲು ನೆನಪಾಗುವುದು ದೆವ್ವ, ಆಮೇಲೆ ಅಂಗಡಿಯವನ ಮೋಸ. ಎರಡೂ ಆಗಿರಬೇಕಿಲ್ಲ. ಟಫನ್ಡ್ ಗಾಜಿನ ಹುಟ್ಟುಗುಣವೇ ಅದು.

ಸಾದಾ ಗಾಜನ್ನು ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ರಭಸವಾಗಿ ಗಾಳಿ ಊದಿ ತಣಿಸಿದರೆ ಟಫನ್ಡ್ ಆಗುತ್ತದೆ. ಮೇಲ್ಮೈ ಮೊದಲೇ ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುತ್ತಾ ಮೇಲ್ಮೈಯನ್ನು ಒಳಕ್ಕೆಳೆಯುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಸಾದಾ ಗಾಜಿನ ನಾಲ್ಕೈದು ಪಟ್ಟು ಬಲ. ಆದರೆ ಬಿರುಕೊಂದು ಒಳಪದರ ಮುಟ್ಟಿತೋ, ಅಡಗಿದ್ದ ಶಕ್ತಿಯೆಲ್ಲ ಒಮ್ಮೆಲೇ ಹೊರಬಿದ್ದು ಇಡೀ ಹಲಗೆ ಪುಡಿಯಾಗುತ್ತದೆ. ತಯಾರಿಕೆಯಲ್ಲಿ ಸೇರಿಕೊಂಡ ನಿಕಲ್ ಸಲ್ಫೈಡಿನ ಕಣ್ಣಿಗೆ ಬೀಳದಷ್ಟು ಸಣ್ಣ ಕಣ ವರ್ಷಗಳ ಮೇಲೆ ಹಿಗ್ಗಿ ಬಿರುಕು ಬಿಡಿಸಬಹುದು. ಸಾಗಿಸುವಾಗ ಅಂಚಿಗೆ ಬಿದ್ದ ಪೆಟ್ಟೂ ಸಾಕು. ಅಂಚು, ಅದರಲ್ಲೂ ಮೂಲೆ, ಈ ಗಾಜಿನ ಮರ್ಮಸ್ಥಾನ. ಒಮ್ಮೆ ಟಫನ್ಡ್ ಆದಮೇಲೆ ಕತ್ತರಿಸುವುದಕ್ಕಾಗಲಿ ತೂತು ಕೊರೆಯುವುದಕ್ಕಾಗಲಿ ಆಗದಿರುವುದೂ ಇದೇ ಕಾರಣಕ್ಕೆ. ಅಳತೆ ಮೊದಲೇ ಸರಿಯಿರಬೇಕು.

ಹಾಗಿದ್ದರೂ ನಾಲ್ಕು ಕಾಲಿನ ಮೇಲಷ್ಟೇ ನಿಲ್ಲುವ ಮೇಜಿಗೆ ಸಾದಾ ಗಾಜಿಗಿಂತ ಇದೇ ಲೇಸು. ಸಾದಾ ಗಾಜು ಒಡೆದರೆ ಈಟಿಯಂಥ ಉದ್ದ ಚೂರು; ಇದು ಒಡೆದರೆ ಹರಳು. ಹರಳೂ ಚರ್ಮ ಕೊಯ್ಯುತ್ತದೆ, ಆದರೆ ಆಳದ ಗಾಯ ಅಪರೂಪ. ಪೂರ್ತಿ ಮರದ ಹಲಗೆಯ ಮೇಲೆ ಹಾಸುವ ಗಾಜು ಸಾದಾ ಆದರೂ ನಡೆದೀತು, ಬಿಸಿ ಪಾತ್ರೆ ಇಡದಿದ್ದರೆ.

ಎತ್ತರದ ಮನೆಯ ಬಾಲ್ಕನಿಗೋ ತಲೆಯ ಮೇಲಿನ ಗಾಜಿನ ಚಾವಣಿಗೋ ಲ್ಯಾಮಿನೇಟೆಡ್ ಬೇಕು. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಬೆಸೆದಿರುವುದರಿಂದ ಒಡೆದರೂ ಚೂರು ಅಂಟಿಕೊಂಡೇ ಇರುತ್ತವೆ. ಕಾರಿನ ಮುಂದಿನ ಗಾಜು ಈ ಬಗೆಯದು. ಬೆಲೆ ಹೆಚ್ಚು, ಆದರೆ ಕೆಳಗೆ ಜನ ಓಡಾಡುವ ಕಡೆ ಜಿಪುಣತನ ಬೇಡ.

ಒಡೆದ ಮೇಲಿನ ಕೆಲಸಕ್ಕೆ ಅವಸರ ಸಲ್ಲದು. ಮಕ್ಕಳನ್ನು ದೂರ ಕಳಿಸಿ, ಚಪ್ಪಲಿಯಲ್ಲ, ಬೂಟು ಹಾಕಿ, ದಪ್ಪ ಕೈಗವಸು ತೊಡಬೇಕು. ಕಿಟಕಿಯ ಚೌಕಟ್ಟಿನಲ್ಲಿ ಸಾದಾ ಗಾಜು ನೇತಾಡುತ್ತಿದ್ದರೆ ಅಗಲದ ಟೇಪನ್ನು ಅಡ್ಡಡ್ಡ ಅಂಟಿಸಿ, ಮೇಲಿನ ಚೂರುಗಳನ್ನು ಮೊದಲು ತೆಗೆಯಬೇಕು. ಕೆಳಗಿನದಕ್ಕೆ ಮೊದಲು ಕೈಹಾಕಿದರೆ ಮೇಲಿನದು ಮಣಿಕಟ್ಟಿನ ಮೇಲೆ ಬೀಳುತ್ತದೆ. ದೊಡ್ಡ ಚೂರು ಎತ್ತಿ, ಗುಡಿಸಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆಯಬೇಕು. ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗುವಂತೆ ಹಿಡಿದರೆ ತಪ್ಪಿಸಿಕೊಂಡ ಚೂರು ಮಿನುಗುತ್ತದೆ. ಗಾಯದಲ್ಲಿ ಗಾಜು ನೆಟ್ಟಿದ್ದರೆ ಕೀಳಬೇಡಿ. ಅದರ ಸುತ್ತ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ.

ಚೂರುಗಳನ್ನು ದಪ್ಪ ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ, ಮೇಲೆ ‘ಒಡೆದ ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು ಪೌರಕಾರ್ಮಿಕರ ಕೈಗೇ ಹೇಳಿ ಕೊಡಿ.